ಡೆಡ್‌ಲೈನ್ ಬದಲಾದಾಗ ರಜೆ ಅರ್ಜಿ ಬದಲಾಯಿಸುವುದು: ಒಂದು ಟಿಪ್ಪಣಿ

ರಜೆ ಕೇಳುವ ಪತ್ರ ನಮಗೆಲ್ಲ ಶಾಲೆಯಿಂದಲೇ ಗೊತ್ತು. ಕೊಟ್ಟ ರಜೆಯನ್ನು ವಾಪಸ್ ಕೊಡುವ ಪತ್ರ ಯಾರೂ ಕಲಿಸುವುದಿಲ್ಲ. ಹಾಗಾಗಿ ಒಂದೇ ಉದಾಹರಣೆ ಇಟ್ಟುಕೊಂಡು ನೋಡೋಣ.

ಬೆಂಗಳೂರಿನ ಒಂದು ಸಾಫ್ಟ್‌ವೇರ್ ತಂಡ. ಹೊಸ ಆವೃತ್ತಿ 2026ರ ಫೆಬ್ರವರಿ 4ಕ್ಕೆ ಬಿಡುಗಡೆ ಆಗಬೇಕಿತ್ತು. ಅದನ್ನು ನಂಬಿ ತಂಡದ ಒಬ್ಬರು 9ರ ಸೋಮವಾರದಿಂದ 13ರ ಶುಕ್ರವಾರದವರೆಗೆ ರಜೆ ಹಾಕಿದ್ದಾರೆ, ಮಂಜೂರೂ ಆಗಿದೆ. 13ಕ್ಕೆ ಊರಲ್ಲಿ ಅಕ್ಕನ ಮನೆ ಗೃಹಪ್ರವೇಶ. ಈಗ ಬಿಡುಗಡೆ 11ರ ಬುಧವಾರಕ್ಕೆ ಹೋಗಿದೆ.

ಇಲ್ಲಿ ಅವಸರಪಟ್ಟು ಐದೂ ದಿನ ರದ್ದು ಮಾಡಬೇಕಾಗಿಲ್ಲ. ರಜೆಯಲ್ಲಿ ಯಾವ ದಿನ ಸರಿಸಬಹುದು, ಯಾವುದು ಆಗುವುದಿಲ್ಲ ಎಂದು ಮೊದಲು ಬೇರೆ ಮಾಡಿಕೊಳ್ಳಿ. ಮುಹೂರ್ತ ಸರಿಯುವುದಿಲ್ಲ, ಆದ್ದರಿಂದ 12 ಮತ್ತು 13 ಬೇಕೇ ಬೇಕು. 9, 10, 11 ಊರಲ್ಲಿ ಆರಾಮಾಗಿ ಇರೋಣ ಅಂತ ಹಾಕಿದ್ದು, ಅದನ್ನು ಬಿಡಬಹುದು.

ಆದರೆ ಮ್ಯಾನೇಜರ್‌ಗೆ ನಿಜವಾದ ಚಿಂತೆ ಬೇರೆಯೇ ಇರುತ್ತದೆ. ಬಿಡುಗಡೆಯಾದ ಮಾರನೇ ದಿನವೇ ಬಳಕೆದಾರರಿಂದ ದೂರು ಬರೋದು ಜಾಸ್ತಿ. ಆ 12ರಂದೇ ನೀವು ಇರುವುದಿಲ್ಲ. ಹಾಗಾಗಿ ಆ ಎರಡು ದಿನ ನಿಮ್ಮ ಭಾಗವನ್ನು ಯಾರು ನೋಡುತ್ತಾರೆ ಅನ್ನೋದನ್ನು ಮೊದಲೇ ಮಾತಾಡಿ ಇಟ್ಟುಕೊಳ್ಳಿ. ಪತ್ರದಲ್ಲಿ ಎಷ್ಟು ಸಲ ಕ್ಷಮೆ ಕೇಳಿದರೂ ಈ ಒಂದು ವಾಕ್ಯದಷ್ಟು ಕೆಲಸ ಅದು ಮಾಡುವುದಿಲ್ಲ.

ಪತ್ರಕ್ಕೆ ಮೊದಲು ಬಾಯಿಮಾತಲ್ಲಿ ಕೇಳಿ. "ಮೇಡಂ, ಬಿಡುಗಡೆ 11ಕ್ಕೆ ಹೋಗಿದೆ ಅಲ್ವಾ, ನನ್ನ ರಜೆ ಬಗ್ಗೆ ಐದು ನಿಮಿಷ ಮಾತಾಡಬಹುದಾ?" ಇಷ್ಟು ಸಾಕು. ಕೆಲವೊಮ್ಮೆ "ನಿಮ್ಮ ಭಾಗ ಮುಗಿದಿದೆ, ನೀವು ಹೋಗಿಬನ್ನಿ" ಎನ್ನುವ ಉತ್ತರವೂ ಬರುತ್ತದೆ. ಆಗ ಪತ್ರವೇ ಬೇಡ. ಬದಲಾಯಿಸೋಣ ಎಂದಾದರೆ ಹೀಗೆ ಬರೆಯಬಹುದು:

"ವಿಷಯ: ಫೆಬ್ರವರಿ 9ರಿಂದ 13ರವರೆಗೆ ಮಂಜೂರಾದ ರಜೆಯಲ್ಲಿ ಬದಲಾವಣೆ ಕೋರಿ

ಮೇಡಂ, ನಮಸ್ಕಾರ.

ಮೇಲಿನ ಐದು ದಿನದ ಗಳಿಕೆ ರಜೆಗೆ ತಾವು ಈಗಾಗಲೇ ಒಪ್ಪಿಗೆ ಕೊಟ್ಟಿದ್ದೀರಿ. ಬಿಡುಗಡೆ 11ಕ್ಕೆ ಹೋಗಿರುವುದರಿಂದ 9, 10 ಮತ್ತು 11ರ ರಜೆಯನ್ನು ಹಿಂಪಡೆಯಲು ಬಯಸುತ್ತೇನೆ. ಆ ಮೂರು ದಿನ ಕೆಲಸಕ್ಕೆ ಬರುತ್ತೇನೆ. 13ರಂದು ಅಕ್ಕನ ಮನೆಯ ಗೃಹಪ್ರವೇಶ ಇರುವುದರಿಂದ 12 ಮತ್ತು 13ರ ರಜೆ ಹಾಗೇ ಇರಲಿ ಎಂದು ವಿನಂತಿ. ಆ ಎರಡು ದಿನ ನನ್ನ ಭಾಗದ ತುರ್ತು ಕೆಲಸವನ್ನು (ಸಹೋದ್ಯೋಗಿಯ ಹೆಸರು) ನೋಡಿಕೊಳ್ಳಲು ಒಪ್ಪಿದ್ದಾರೆ.

ಹಿಂಪಡೆದ ಮೂರು ದಿನಗಳ ಬದಲಿಗೆ ಫೆಬ್ರವರಿ 23, 24, 25ರಂದು ರಜೆ ಕೊಡಬಹುದೇ? ಅದು ಅನುಕೂಲವಾಗದಿದ್ದರೆ ಮಾರ್ಚ್ 2ರಿಂದ 4ರವರೆಗೂ ಆಗುತ್ತದೆ. ತಾವು ಒಪ್ಪಿದ ನಂತರ ಪೋರ್ಟಲ್‌ನಲ್ಲಿ ಬದಲಾಯಿಸುತ್ತೇನೆ."

ಗಮನಿಸಿ, ಎಲ್ಲೂ "ಮುಂದಿನ ವಾರ" ಎಂದಿಲ್ಲ, ದಿನಾಂಕವೇ ಇದೆ. ಓದುವವರು ಎರಡು ದಿನ ಬಿಟ್ಟು ಓದಿದರೆ ಮುಂದಿನ ವಾರ ಯಾವುದು ಎಂಬ ಗೊಂದಲ ಬರುತ್ತದೆ. "ನೀವು ದಿನಾಂಕ ಬದಲಿಸಿದ್ದರಿಂದ" ಎಂದೂ ಇಲ್ಲ. ಬಿಡುಗಡೆ 11ಕ್ಕೆ ಹೋಗಿದೆ ಎಂದರೆ ಕಾರಣ ತಿಳಿಯುತ್ತದೆ, ಯಾರ ಮೇಲೂ ತಪ್ಪು ಹೊರಿಸಿದಂತೆ ಆಗುವುದಿಲ್ಲ. "ತಂಡಕ್ಕಾಗಿ ನನ್ನ ರಜೆ ತ್ಯಾಗ ಮಾಡುತ್ತಿದ್ದೇನೆ" ಅನ್ನುವ ಧಾಟಿಯೂ ಬೇಡ. ಅದು ಓದುವವರ ಮೇಲೆ ಋಣ ಹೊರಿಸುತ್ತದೆ.

ಕೊನೆಯ ವಾಕ್ಯ ಸುಮ್ನೆ ಬರೆದದ್ದಲ್ಲ. ಮಂಜೂರಾದ ರಜೆಯನ್ನು ತಿದ್ದಲು ಬಹಳಷ್ಟು ಪೋರ್ಟಲ್‌ಗಳು ಬಿಡುವುದಿಲ್ಲ. ಪೂರ್ತಿ ರದ್ದು ಮಾಡಿ ಹೊಸದಾಗಿ ಹಾಕಬೇಕು. ಒಪ್ಪಿಗೆ ಸಿಗುವ ಮೊದಲೇ ರದ್ದು ಮಾಡಿದರೆ ಗೃಹಪ್ರವೇಶದ ಎರಡು ದಿನವೂ ಕೈತಪ್ಪಬಹುದು. ಅದಕ್ಕೇ ಮೊದಲು ಮೇಲ್‌ನಲ್ಲಿ ಒಪ್ಪಿಗೆ, ಆಮೇಲೆ ರದ್ದು, ಅದೇ ದಿನ 12–13ಕ್ಕೆ ಮತ್ತು ಹೊಸ ದಿನಾಂಕಗಳಿಗೆ ಬೇರೆ ಬೇರೆ ಅರ್ಜಿ. ಅರ್ಜಿಯ ಕಾರಣದ ಜಾಗದಲ್ಲಿ ಹಳೆಯ ರಜೆಯ ದಿನಾಂಕ ಬರೆದರೆ ಎಚ್‌ಆರ್‌ನವರಿಗೂ ಸಂಬಂಧ ತಿಳಿಯುತ್ತದೆ.

ಅರ್ಜಿ ಇನ್ನೂ ಮಂಜೂರಾಗದೆ ಬಾಕಿ ಇದ್ದರೆ ಕೆಲಸ ಸುಲಭ. ನೀವೇ ಹಿಂಪಡೆದು, "9ರಿಂದ 13ರ ಅರ್ಜಿ ಹಿಂಪಡೆದಿದ್ದೇನೆ, ಬದಲಿಗೆ ಹೊಸ ಅರ್ಜಿ ಹಾಕಿದ್ದೇನೆ, ದಯವಿಟ್ಟು ನೋಡಿ" ಎಂದು ಒಂದು ಸಾಲು ಕಳಿಸಿದರೆ ಸಾಕು.

ರದ್ದಾದ ಮೇಲೆ ರಜೆ ಲೆಕ್ಕ ನೋಡಿ. ಹಳೆಯ ಐದು ದಿನ ವಾಪಸ್ ಸೇರದೇ ಹೊಸ ಐದು ದಿನವೂ ಕಡಿತವಾಗಿದ್ದರೆ, ರದ್ದತಿಗೆ ಇನ್ನೂ ಒಪ್ಪಿಗೆ ಸಿಕ್ಕಿಲ್ಲದಿರಬಹುದು. ಆ ತಿಂಗಳ ಸಂಬಳದ ಲೆಕ್ಕ ಮುಗಿಯುವ ಮೊದಲು ಎಚ್‌ಆರ್‌ಗೆ ಹೇಳಿ. 9ರಿಂದ ಶುರುವಾಗುವ ಸ್ವಯಂ ಉತ್ತರವನ್ನೂ 12ಕ್ಕೆ ಬದಲಾಯಿಸಿ, ಇಲ್ಲದಿದ್ದರೆ ಬಿಡುಗಡೆಯ ದಿನ ನಿಮಗೆ ಮೇಲ್ ಕಳಿಸಿದವರಿಗೆಲ್ಲ ನೀವು ಊರಲ್ಲಿದ್ದೀರಿ ಎಂದೇ ಉತ್ತರ ಹೋಗುತ್ತದೆ.