ಶೇರಿನ ಬೆಲೆ ಬಿತ್ತು, ಇಸಾಪ್ ಖರ್ಚನ್ನು ವಾಪಸ್ ತೆಗೆಯಬಹುದೇ?

ಪ್ರಶ್ನೆ: ಇಸಾಪ್ ಯೋಜನೆಯಲ್ಲಿ ಕಂಪನಿಯ ನೌಕರರಿಗೆ ಸ್ಟಾಕ್ ಆಪ್ಷನ್, ಅಂದರೆ ಮುಂದೆ ನಿಗದಿತ ಬೆಲೆಗೆ ನಮ್ಮ ಶೇರು ಕೊಳ್ಳುವ ಹಕ್ಕು, ಕೊಟ್ಟಿದ್ದೆವು. ಈಗ ಶೇರಿನ ಬೆಲೆ ಆ ನಿಗದಿತ ಬೆಲೆಗಿಂತ, ಅಂದರೆ ಎಕ್ಸರ್‌ಸೈಸ್ ಬೆಲೆಗಿಂತ, ತುಂಬಾ ಕೆಳಗಿದೆ, ಯಾರೂ ಕೊಳ್ಳುವುದಿಲ್ಲ. ಇಷ್ಟು ವರ್ಷ ಬರೆದ ಖರ್ಚನ್ನು ಈ ವರ್ಷ ವಾಪಸ್ ತೆಗೆದರೆ ಆಡಿಟರ್ ಒಪ್ಪುತ್ತಾರಾ?

ಒಪ್ಪುವುದಿಲ್ಲ. ಶೇರು ಪೇಟೆ ಕುಸಿದಾಗಲೆಲ್ಲ ಈ ಪ್ರಶ್ನೆ ಬರುತ್ತದೆ, ನಾನೂ ಪ್ರತಿ ಸಲ ಇದೇ ಉತ್ತರ ಬರೆಯುತ್ತೇನೆ. ಆದರೂ ಜನ ಬಿಡದ ಮಾತು ಒಂದಿದೆ: "ನಮ್ಮ ಕೈಯಿಂದ ಒಂದು ಕಾಸೂ ಹೋಗಿಲ್ಲ, ನೌಕರನಿಗೂ ಏನೂ ಸಿಕ್ಕಿಲ್ಲ, ಮತ್ತೆ ಖರ್ಚು ಯಾವುದು?" ಈ ಸಲ ಅದನ್ನೇ ಬೇರುಸಹಿತ ಬಿಡಿಸಿ ಹೇಳುತ್ತೇನೆ.

ಖರ್ಚು ಬರೆಯುವುದು ನೌಕರನಿಗೆ ಕೊನೆಯಲ್ಲಿ ಸಿಕ್ಕ ಲಾಭಕ್ಕಲ್ಲ, ಕಂಪನಿ ಪಡೆದ ದುಡಿಮೆಗೆ. ಆ ದುಡಿಮೆಯ ಬೆಲೆಯನ್ನು ನೇರವಾಗಿ ಅಳೆಯಲು ಬರುವುದಿಲ್ಲ. ಹಾಗಾಗಿ ಅದಕ್ಕೆ ಪ್ರತಿಯಾಗಿ ಕೊಟ್ಟ ಆಪ್ಷನ್‌ನ ಬೆಲೆಯನ್ನು, ಕೊಟ್ಟ ದಿನದಂದೇ ಅಳೆಯುತ್ತಾರೆ. ಶೇರು ಆಧಾರಿತ ಪಾವತಿಯ ಅಂತರರಾಷ್ಟ್ರೀಯ ಲೆಕ್ಕ ಮಾನದಂಡವಾದ ಐಎಫ್‌ಆರ್‌ಎಸ್ 2 ಹೇಳುವುದು ಇದನ್ನೇ. ವರ್ಷವಿಡೀ ವಿಮೆ ಇತ್ತು, ಅವಘಡ ಆಗಲಿಲ್ಲ ಎಂದು ಕಟ್ಟಿದ ಕಂತನ್ನು ಯಾರೂ ಲೆಕ್ಕದಿಂದ ತೆಗೆಯುವುದಿಲ್ಲ. ಆಪ್ಷನ್ ಕೊಟ್ಟ ದಿನ ಅದಕ್ಕೆ ಬೆಲೆ ಇತ್ತು, ಆ ಬೆಲೆಯ ಆಸೆಗೆ ನೌಕರ ಉಳಿದು ದುಡಿದ. ಪೇಟೆ ಬಿದ್ದರೂ ಆ ದುಡಿಮೆ ನಡೆದದ್ದು ನಿಜ.

ಲೆಕ್ಕ ಹಾಕಿ ನೋಡೋಣ. 100 ನೌಕರರಿಗೆ ತಲಾ 100 ಆಪ್ಷನ್, ಷರತ್ತು ಮೂರು ವರ್ಷದ ಸೇವೆ. ಕೊಟ್ಟ ದಿನ ಶೇರಿನ ಬೆಲೆಯೂ ಎಕ್ಸರ್‌ಸೈಸ್ ಬೆಲೆಯೂ 100. ಆಪ್ಷನ್‌ನ ನ್ಯಾಯಯುತ ಮೌಲ್ಯ 30. ಮೊದಲ ವರ್ಷದ ಕೊನೆಗೆ 80 ಜನ ಉಳಿಯುತ್ತಾರೆ ಎಂದು ಅಂದಾಜು. ಒಟ್ಟು 2,40,000, ಅದರಲ್ಲಿ ಮೂರನೇ ಒಂದು ಭಾಗ 80,000 ಖರ್ಚು. ಎರಡನೇ ವರ್ಷ ಅಂದಾಜು 85ಕ್ಕೆ ಏರಿತು. ಒಟ್ಟು 2,55,000ದ ಮೂರನೇ ಎರಡು ಭಾಗ 1,70,000, ಹಿಂದೆ ಬರೆದದ್ದು ಕಳೆದರೆ ಈ ವರ್ಷದ್ದು 90,000. ಮೂರನೇ ವರ್ಷ ನಿಜವಾಗಿ ಉಳಿದವರು 83 ಜನ. ಒಟ್ಟು 2,49,000, ಆ ವರ್ಷದ್ದು 79,000. ಎರಡನೇ ವರ್ಷದ ಕೊನೆಗೆ ಶೇರು 40ಕ್ಕೆ ಕುಸಿದಿದ್ದರೂ ಈ ಅಂಕಿಗಳಲ್ಲಿ ಒಂದೂ ಅಲುಗುವುದಿಲ್ಲ. ವರ್ಷ ವರ್ಷ ತಿದ್ದಿದ್ದು ತಲೆಗಳ ಎಣಿಕೆಯನ್ನು ಮಾತ್ರ. 30 ಎಂಬ ಬೆಲೆಯನ್ನು ಯಾರೂ ಮುಟ್ಟಲಿಲ್ಲ. ಮುಂದೆ ಆ ಆಪ್ಷನ್‌ಗಳು ಬಳಕೆಯಾಗದೆ ಅವಧಿ ಮುಗಿದರೂ 2,49,000 ಹಾಗೇ ನಿಲ್ಲುತ್ತದೆ. ಬೇಕಿದ್ದರೆ ಈ ಖರ್ಚಿಗೆ ಎದುರಾಗಿ ಈಕ್ವಿಟಿಯಲ್ಲಿ ಕೂಡಿದ ಆಪ್ಷನ್ ರಿಸರ್ವ್‌ನಿಂದ ಉಳಿಕೆ ಲಾಭಕ್ಕೆ ವರ್ಗಾಯಿಸಬಹುದು. ಅದು ಈಕ್ವಿಟಿಯ ಒಳಗಿನ ಓಡಾಟ, ಲಾಭ-ನಷ್ಟ ಪಟ್ಟಿಯನ್ನು ತಾಕುವಂತಿಲ್ಲ.

ಈ ತಪ್ಪು ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಖರ್ಚು ನಿಜಕ್ಕೂ ವಾಪಸ್ ಬರುವ ಸಂದರ್ಭಗಳಿವೆ, ಜನ ಅವನ್ನು ಇದರ ಜೊತೆ ಬೆರೆಸುತ್ತಾರೆ. ನೌಕರ ವೆಸ್ಟಿಂಗ್‌ಗೆ, ಅಂದರೆ ಷರತ್ತು ಪೂರೈಸಿ ಆಪ್ಷನ್ ಅವನದಾಗುವುದಕ್ಕೆ, ಮೊದಲೇ ಬಿಟ್ಟು ಹೋದರೆ ಅವನ ಪಾಲಿನ ಖರ್ಚು ವಾಪಸ್ ಬರುತ್ತದೆ. ಮಾರಾಟದ ಗುರಿ ಮುಟ್ಟಿದರೆ ಮಾತ್ರ ವೆಸ್ಟಿಂಗ್ ಎಂದಿದ್ದು, ಗುರಿ ತಪ್ಪಿದರೂ ವಾಪಸ್ ಬರುತ್ತದೆ. ಆದರೆ ಷರತ್ತು ಶೇರಿನ ಬೆಲೆಗೆ ಕಟ್ಟಿದ್ದಾದರೆ, ಉದಾಹರಣೆಗೆ ಬೆಲೆ 150 ಮುಟ್ಟಬೇಕು ಎಂದಿದ್ದರೆ, ಬೆಲೆ ಅಲ್ಲಿಗೆ ಮುಟ್ಟದಿದ್ದರೂ ಖರ್ಚು ಉಳಿಯುತ್ತದೆ. ಮುಟ್ಟದೇ ಇರುವ ಸಂಭವವನ್ನು ಕೊಟ್ಟ ದಿನದ ಮೌಲ್ಯದಲ್ಲೇ ಕಡಿತ ಮಾಡಿಯಾಗಿರುತ್ತದೆ, ಎರಡನೇ ಸಲ ಕಡಿತ ಮಾಡಲು ಬರುವುದಿಲ್ಲ. ನೌಕರ ಪೂರ್ತಿ ಅವಧಿ ದುಡಿದಿದ್ದರೆ ಸಾಕು. ಇನ್ನು ಶೇರಿನ ಬದಲು ನಗದು ಕೊಡುವ ಯೋಜನೆಯೇ ಬೇರೆ: ಅದು ಸಾಲದಂತೆ ಹೊಣೆ, ಪ್ರತಿ ವರ್ಷ ಮರುಮೌಲ್ಯಮಾಪನ ಆಗುತ್ತದೆ, ಬೆಲೆ ಬಿದ್ದರೆ ಖರ್ಚೂ ಇಳಿಯುತ್ತದೆ. ನಿಮ್ಮ ಪಕ್ಕದ ಕಂಪನಿ ಖರ್ಚು ವಾಪಸ್ ತೆಗೆದಿದ್ದರೆ ಅದು ನಗದು ಯೋಜನೆಯೇ ಎಂದು ಮೊದಲು ಕೇಳಿ.

ಆದ್ದರಿಂದ ನಾನು ಆಡಿಟ್‌ನಲ್ಲಿ ಮೊದಲು ಹುಡುಕುವುದು ನೌಕರರ ವೆಚ್ಚದ ಖಾತೆಗೆ ಬಿದ್ದ ಕ್ರೆಡಿಟ್ ಎಂಟ್ರಿಗಳನ್ನು. ಒಂದೊಂದಕ್ಕೂ ಹೆಸರು ಕೇಳುತ್ತೇನೆ: ಯಾರು ಬಿಟ್ಟರು, ಯಾವ ದಿನ, ಆಗ ವೆಸ್ಟಿಂಗ್ ಆಗಿತ್ತೇ. ಆ ಪಟ್ಟಿಯನ್ನು ಸಂಬಳದ ದಾಖಲೆಯ ಜೊತೆ ತಾಳೆ ನೋಡಿದರೆ ವೆಸ್ಟಿಂಗ್ ಆದ ಮೇಲೆ ಬಿಟ್ಟವರ ಖರ್ಚನ್ನೂ ವಾಪಸ್ ತೆಗೆದಿದ್ದು ಬೇಗ ಸಿಕ್ಕಿಬೀಳುತ್ತದೆ. ಬಿಡುವವರ ಅಂದಾಜು ವರ್ಷ ವರ್ಷವೂ ಒಂದೇ ಇದ್ದರೆ ಅದನ್ನು ಯಾರೂ ತೆರೆದು ನೋಡಿಲ್ಲ ಎಂದೇ ಅರ್ಥ.

ಇನ್ನು ಆ 30. ಅದು ಮುಂದೆ ಬದಲಾಗುವುದಿಲ್ಲವಾದ್ದರಿಂದ ಮೊದಲ ದಿನ ತಪ್ಪಿದರೆ ಮೂರೂ ವರ್ಷ ತಪ್ಪು. ಮೌಲ್ಯಮಾಪಕರ ವರದಿ ಇದೆ ಎಂದು ಆಡಿಟರ್ ಸುಮ್ಮನಾಗುವಂತಿಲ್ಲ. ಆಪ್ಷನ್‌ಗೆ ಬೆಲೆ ಕಟ್ಟುವ ಬ್ಲ್ಯಾಕ್-ಶೋಲ್ಸ್ ಸೂತ್ರದಲ್ಲಿ ತಪ್ಪಾಗುವುದು ಕಡಿಮೆ, ಅದಕ್ಕೆ ಉಣಿಸಿದ ಅಂಕಿಗಳಲ್ಲಿ ಹೆಚ್ಚು. ಶೇರಿನ ಏರಿಳಿತದ ದರವನ್ನೂ ಆಪ್ಷನ್ ಬಳಕೆಯಾಗುವವರೆಗಿನ ನಿರೀಕ್ಷಿತ ಅವಧಿಯನ್ನೂ ಕಡಿಮೆ ಹಿಡಿದರೆ ಮೌಲ್ಯ ಇಳಿಯುತ್ತದೆ, ಖರ್ಚೂ ಇಳಿಯುತ್ತದೆ. ಒತ್ತಡ ಬರುವುದು ಈ ಎರಡರ ಮೇಲೇ. ನಿರೀಕ್ಷಿತ ಅವಧಿ ನಾಲ್ಕು ವರ್ಷವಾದರೆ ಏರಿಳಿತವನ್ನೂ ಸುಮಾರು ಅಷ್ಟೇ ವರ್ಷದ ಇತಿಹಾಸದಿಂದ ನೋಡಬೇಕು. ಶಾಂತವಾಗಿದ್ದ ಕಳೆದ ಆರು ತಿಂಗಳನ್ನು ಮಾತ್ರ ಆರಿಸಿದ್ದರೆ ಕಾರಣ ಕೇಳಬೇಕು. ಪೇಟೆಯಲ್ಲಿ ನೋಂದಾಯಿಸದ ಕಂಪನಿ ತನ್ನಂಥ ಬೇರೆ ಕಂಪನಿಗಳ ಏರಿಳಿತ ಬಳಸುತ್ತದೆ. ಅಲ್ಲಿ ಆ ಹೋಲಿಕೆಯ ಪಟ್ಟಿಯೇ ಪರೀಕ್ಷೆಯ ವಸ್ತು: ದೊಡ್ಡ, ಹಳೆಯ, ಸ್ಥಿರ ಕಂಪನಿಗಳನ್ನೇ ತುಂಬಿದ್ದರೆ ದರ ತಾನಾಗಿ ತಗ್ಗುತ್ತದೆ. ಬೇರೆ ಸಮಂಜಸ ಅಂಕಿಗಳನ್ನು ಹಾಕಿ ನನ್ನದೇ ಒಂದು ವ್ಯಾಪ್ತಿ ಲೆಕ್ಕ ಹಾಕುತ್ತೇನೆ, 30 ಅದರೊಳಗೆ ಬೀಳಬೇಕು.

ನೀವು ಕೇಳಿಲ್ಲ, ಆದರೆ ಮುಂದೆ ಎದುರಾಗುವ ಪ್ರಶ್ನೆಯನ್ನು ಈಗಲೇ ಹೇಳಿಬಿಡುತ್ತೇನೆ. ಖರ್ಚು ವಾಪಸ್ ಬರದಿದ್ದರೆ ಎಕ್ಸರ್‌ಸೈಸ್ ಬೆಲೆಯನ್ನೇ 40ಕ್ಕೆ ಇಳಿಸೋಣ ಎಂದು ಆಡಳಿತ ಮಂಡಳಿ ಯೋಚಿಸುತ್ತದೆ. ನೌಕರರನ್ನು ಉಳಿಸಿಕೊಳ್ಳಲು ಅದು ಸರಿ ಇರಬಹುದು, ಆದರೆ ಖರ್ಚು ಏರುತ್ತದೆ. ಎರಡನೇ ವರ್ಷದ ಕೊನೆಯ ದಿನ ಹಳೆಯ ಆಪ್ಷನ್‌ನ ಮೌಲ್ಯ 4, ಬದಲಾದದ್ದರ ಮೌಲ್ಯ 15 ಎನ್ನೋಣ. ಹೆಚ್ಚುವರಿ 11. ಕೊನೆಗೆ 83 ಜನ ಉಳಿದರೆ 91,300 ಹೊಸ ಖರ್ಚು, ಮೂರನೇ ವರ್ಷದ 79,000ದ ಮೇಲೆ. ಎರಡೂ ಮೌಲ್ಯಗಳನ್ನು ಒಂದೇ ದಿನ, ಅದೇ ಏರಿಳಿತದ ದರದಿಂದ ಅಳೆದಿದ್ದಾರೆಯೇ ಎಂದು ಇಲ್ಲಿ ನೋಡಬೇಕು. ಹಳೆಯದರ ಮೌಲ್ಯವನ್ನು 30 ಎಂದೇ ಇಟ್ಟು "ಹೊಸದು 15, ಹೆಚ್ಚುವರಿ ಏನೂ ಇಲ್ಲ" ಎಂದು ತೋರಿಸುವ ಹಾಳೆಗಳು ಬರುತ್ತವೆ. ಹೋಲಿಸಬೇಕಾದದ್ದು ಬದಲಾಯಿಸಿದ ದಿನದ 4ರ ಜೊತೆ.

ಹಾಗಾದರೆ ಯೋಜನೆಯನ್ನೇ ರದ್ದು ಮಾಡುತ್ತೇವೆ ಎನ್ನುವವರಿಗೆ: ಅವಧಿಯ ನಡುವೆ ಕಂಪನಿಯೇ ರದ್ದು ಮಾಡಿದರೆ ಅದನ್ನು ವೆಸ್ಟಿಂಗ್ ಬೇಗ ಆದಂತೆ ಪರಿಗಣಿಸುತ್ತಾರೆ. ಮುಂದಿನ ವರ್ಷಕ್ಕೆ ಬಾಕಿ ಇದ್ದ ಖರ್ಚೆಲ್ಲ ರದ್ದಾದ ದಿನವೇ ಒಟ್ಟಿಗೆ ಲಾಭ-ನಷ್ಟ ಪಟ್ಟಿಗೆ ಬಂದು ಬೀಳುತ್ತದೆ.