ಪೋಷಕರ ಸಮ್ಮತಿ ಪತ್ರ: ವಾರ್ಷಿಕ ಸಂಚಿಕೆಯಲ್ಲಿ ತರಗತಿಯ ಛಾಯಾಚಿತ್ರ

ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ತರಗತಿಯ ಛಾಯಾಚಿತ್ರವನ್ನು ಅಚ್ಚು ಹಾಕಿಸುವ ಮೊದಲು, ತರಗತಿ ಶಿಕ್ಷಕರು ಪ್ರತಿ ವಿದ್ಯಾರ್ಥಿಯ ತಂದೆ, ತಾಯಿ ಅಥವಾ ಕಾನೂನುಬದ್ಧ ಪಾಲಕರಿಗೆ ಬರೆದು ಲಿಖಿತ ಉತ್ತರ ಪಡೆಯುವ ಪತ್ರವನ್ನು ಪೋಷಕರ ಸಮ್ಮತಿ ಪತ್ರ ಎನ್ನುತ್ತೇವೆ. ಇದು ಸುತ್ತೋಲೆಯಲ್ಲ. ಸುತ್ತೋಲೆ ಆಗಲೇ ತೀರ್ಮಾನವಾದ ವಿಷಯವನ್ನು ತಿಳಿಸುತ್ತದೆ. ಸಮ್ಮತಿ ಪತ್ರ ಇನ್ನೂ ತೀರ್ಮಾನವಾಗದ ವಿಷಯವನ್ನು ಪೋಷಕರ ಮುಂದಿಟ್ಟು ಕೇಳುತ್ತದೆ. ಆದ್ದರಿಂದ ‘ಬೇಡ’ ಎಂದು ಬರೆಯಲು ಜಾಗವಿಲ್ಲದ ಪತ್ರವನ್ನು, ಅದರ ತಲೆಬರಹ ಏನೇ ಇರಲಿ, ಸಮ್ಮತಿ ಪತ್ರವೆಂದು ಒಪ್ಪಲಾಗದು.

ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ಪ್ರಕಾರ 18 ವರ್ಷ ತುಂಬದವರೆಲ್ಲರೂ ಮಕ್ಕಳು. ಅವರ ಮಾಹಿತಿಯನ್ನು ಬಳಸಲು ಪೋಷಕರ ಸಮ್ಮತಿ ಬೇಕು. ಆ ಸಮ್ಮತಿ ಒತ್ತಾಯವಿಲ್ಲದ್ದೂ, ವಿಷಯ ತಿಳಿದು ಕೊಟ್ಟದ್ದೂ, ನಿರ್ದಿಷ್ಟ ಉದ್ದೇಶಕ್ಕೆ ಸೀಮಿತವಾದದ್ದೂ ಆಗಿರಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಕರ್ತವ್ಯಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶವಿದೆ. ಶಾಲೆಗೆ ಸೇರಿಸಿಕೊಳ್ಳುವಾಗ ‘ಮಗುವಿನ ಫೋಟೋವನ್ನು ಶಾಲೆ ಹೇಗೆ ಬೇಕಾದರೂ ಬಳಸಬಹುದು’ ಎಂಬ ಸಾಲಿಗೆ ಹಾಕಿಸಿಕೊಂಡ ಸಹಿ ‘ನಿರ್ದಿಷ್ಟ’ ಎಂಬ ಈ ಷರತ್ತಿನ ಎದುರು ನಿಲ್ಲುವುದು ಕಷ್ಟ. ಕಾಯ್ದೆ ಡಿಜಿಟಲ್ ಮಾಹಿತಿಗೆ ಸಂಬಂಧಿಸಿದ್ದು ನಿಜ. ಆದರೆ ಇಂದು ಸಂಚಿಕೆಯ ಫೋಟೋ ಕ್ಯಾಮೆರಾದಿಂದ ಡಿಟಿಪಿಗೆ, ಅಲ್ಲಿಂದ ಮುದ್ರಣಾಲಯಕ್ಕೆ ಡಿಜಿಟಲ್ ಕಡತವಾಗಿಯೇ ಸಾಗುತ್ತದೆ.

ಪತ್ರದ ಮುಖ್ಯ ಭಾಗ ಹೀಗಿರಬಹುದು:

‘ಮಾನ್ಯ ಪೋಷಕರೇ, ಈ ವರ್ಷದ ವಾರ್ಷಿಕ ಸಂಚಿಕೆಯಲ್ಲಿ 7ನೇ ತರಗತಿಯ ಗ್ರೂಪ್ ಫೋಟೋವನ್ನು, ಅದರ ಕೆಳಗೆ ವಿದ್ಯಾರ್ಥಿಗಳ ಹೆಸರುಗಳನ್ನು ಪ್ರಕಟಿಸುವ ಉದ್ದೇಶವಿದೆ. ಅಚ್ಚಾದ ಸಂಚಿಕೆಯನ್ನು ಶಾಲೆಯ ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ಮಾತ್ರ ಹಂಚಲಾಗುವುದು. ತಮ್ಮ ಮಗುವಿನ ಚಿತ್ರ, ಹೆಸರು, ಶಾಲೆಯ ಜಾಲತಾಣದಲ್ಲಿ ಇಡುವ ಪಿಡಿಎಫ್ ಪ್ರತಿ, ಈ ಮೂರಕ್ಕೂ ಬೇರೆ ಬೇರೆಯಾಗಿ ಒಪ್ಪಿಗೆ ಇದೆ ಅಥವಾ ಇಲ್ಲ ಎಂದು ಕೆಳಗೆ ಗುರುತು ಹಾಕಿ, ಸಹಿ ಮಾಡಿ ಕಳುಹಿಸಬೇಕಾಗಿ ವಿನಂತಿ. ಒಪ್ಪದಿರಲು ಕಾರಣ ತಿಳಿಸಬೇಕಾಗಿಲ್ಲ. ಸಂಚಿಕೆಯ ಪ್ರತಿ ಎಲ್ಲ ಮಕ್ಕಳಿಗೂ ದೊರೆಯುತ್ತದೆ.’

ಮೂರು ಪ್ರಶ್ನೆಗಳನ್ನು ಬೇರೆಯಾಗಿಯೇ ಕೇಳಬೇಕು. ಮನೆಯ ಕಪಾಟಿನಲ್ಲಿರುವ ಪುಸ್ತಕವನ್ನು ಕೆಲವರಷ್ಟೇ ನೋಡುತ್ತಾರೆ. ಜಾಲತಾಣದ ಪಿಡಿಎಫ್ ಅನ್ನು ಯಾರು ಬೇಕಾದರೂ ಇಳಿಸಿಕೊಂಡು ಮುಖವನ್ನು ಕತ್ತರಿಸಿ ತೆಗೆಯಬಹುದು. ಮುಖದ ಕೆಳಗೆ ಹೆಸರೂ, ಪುಟದ ಮೇಲೆ ತರಗತಿಯೂ ಊರೂ ಇದ್ದರೆ ಅಪರಿಚಿತನೊಬ್ಬನಿಗೆ ಆ ಮಗುವನ್ನು ಹುಡುಕಲು ಬೇರೇನೂ ಬೇಕಿಲ್ಲ. ಅಚ್ಚಿಗೆ ಒಪ್ಪಿ ಜಾಲತಾಣಕ್ಕೆ ಒಪ್ಪದ ಪೋಷಕರ ಲೆಕ್ಕಾಚಾರ ಸರಿಯಾದದ್ದೇ.

ಕಾರಣ ಕೇಳಬಾರದೆಂಬುದಕ್ಕೆ ಇನ್ನೂ ಗಂಭೀರವಾದ ಹಿನ್ನೆಲೆಯಿದೆ. ಮಗು ಎಲ್ಲಿ ಓದುತ್ತಿದೆ ಎಂಬುದು ಹಿಂಸೆ ಕೊಟ್ಟ ಸಂಬಂಧಿಗೆ ತಿಳಿಯಬಾರದೆಂದು ಊರು ಬದಲಿಸಿದ ತಾಯಂದಿರಿದ್ದಾರೆ. ಪೋಕ್ಸೊ ಪ್ರಕರಣದ ಮಕ್ಕಳ, ಬಾಲನ್ಯಾಯ ವ್ಯವಸ್ಥೆಯ ಆರೈಕೆಯಲ್ಲಿರುವ ಮಕ್ಕಳ ಗುರುತನ್ನು ಬಹಿರಂಗಪಡಿಸುವುದನ್ನು ಕಾನೂನೇ ತಡೆದಿದೆ. ಇಂಥ ಮನೆಯವರನ್ನು ‘ಏಕೆ ಬೇಡ?’ ಎಂದು ಕೇಳಿದರೆ ಅವರು ಸುಳ್ಳು ಹೇಳಬೇಕಾಗುತ್ತದೆ, ಇಲ್ಲವೇ ಮುಜುಗರಕ್ಕೆ ಸಹಿ ಹಾಕಬೇಕಾಗುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತರಗತಿಯಲ್ಲಿ 38 ಮಕ್ಕಳು. ನಿಗದಿತ ದಿನದೊಳಗೆ 35 ಉತ್ತರಗಳು ಬಂದಿವೆ. ಅದರಲ್ಲಿ ಇಬ್ಬರು ಚಿತ್ರವೇ ಬೇಡವೆಂದಿದ್ದಾರೆ, ನಾಲ್ವರು ಚಿತ್ರ ಇರಲಿ ಹೆಸರು ಬೇಡವೆಂದಿದ್ದಾರೆ. ಬಾರದ ಮೂರು ಚೀಟಿಗಳನ್ನು ‘ಆಕ್ಷೇಪಣೆ ಇಲ್ಲ’ ಎಂದು ಎಣಿಸುವುದೇ ಶಾಲೆಗಳಲ್ಲಿ ಸಾಮಾನ್ಯವಾಗಿ ನಡೆಯುವ ತಪ್ಪು. ಮೌನ ಸಮ್ಮತಿಯಲ್ಲ. ಶಿಕ್ಷಕರು ಆ ಮೂರು ಮನೆಗಳಿಗೆ ಫೋನ್ ಮಾಡಬೇಕು. ಓದಲು ಬಾರದ ಪೋಷಕರಿಗೆ ಪತ್ರವನ್ನು ಅವರ ಮಾತಿನಲ್ಲೇ ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಪಡೆಯಬೇಕು. ಇಬ್ಬರು ಒಪ್ಪಿ, ಒಬ್ಬರು ಸಿಗದೆ ಹೋದರೆ, ಆ ಮಗುವನ್ನೂ ‘ಬೇಡ’ ಎಂದವರ ಸಾಲಿಗೇ ಸೇರಿಸಬೇಕು. ಈಗ ಸಂಚಿಕೆಯ ಚಿತ್ರದಲ್ಲಿ 35 ಮುಖಗಳಿರುತ್ತವೆ.

ಉಳಿದ ಮೂವರನ್ನು ಏನು ಮಾಡುವುದು? ಅವರ ಮುಖಗಳನ್ನು ಮಸುಕುಗೊಳಿಸಿ ಅಚ್ಚು ಹಾಕುವುದು ಅತ್ಯಂತ ಕೆಟ್ಟ ದಾರಿ. ಅದು ಆ ಮಕ್ಕಳತ್ತಲೇ ಎಲ್ಲರ ಬೆರಳು ತೋರಿಸುತ್ತದೆ. ಕ್ಯಾಮೆರಾ ಮುಂದೆ ಎಲ್ಲರೂ ನೋಡುತ್ತಿರುವಾಗ ಅವರನ್ನು ಎಬ್ಬಿಸಿ ಕಳುಹಿಸುವುದೂ ಅಷ್ಟೇ ನೋವಿನದು. ಚೀಟಿಗಳು ಫೋಟೋ ತೆಗೆಯುವ ದಿನಕ್ಕೆ ಮೊದಲೇ ಕೈಸೇರಿದ್ದರೆ, ಅದೇ ಹೊತ್ತಿಗೆ ಆ ಮೂವರಿಗೆ ಗ್ರಂಥಾಲಯದಲ್ಲೋ ವೇದಿಕೆಯ ಸಿದ್ಧತೆಯಲ್ಲೋ ಸಹಜವಾದ ಕೆಲಸ ಕೊಡಬಹುದು. ಅವರ ಕವನವನ್ನೋ ಚಿತ್ರವನ್ನೋ ಸಂಚಿಕೆಗೆ ಸೇರಿಸಬಯಸಿದರೆ ಹೆಸರು ಹಾಕುವ ಬಗ್ಗೆ ಮನೆಯವರನ್ನು ಮತ್ತೆ ಕೇಳಬೇಕು. ಹೆಸರು ಬೇಡವೆಂದ ನಾಲ್ವರ ವಿಷಯದಲ್ಲಿ, ‘ಎಡದಿಂದ ಬಲಕ್ಕೆ’ ಎಂಬ ಪಟ್ಟಿಯಲ್ಲಿ ನಾಲ್ಕು ಖಾಲಿ ಜಾಗ ಬಿಡುವ ಬದಲು, ಇಡೀ ತರಗತಿಯ ಹೆಸರುಗಳನ್ನೇ ಕೈಬಿಡುವುದು ನನ್ನ ದೃಷ್ಟಿಯಲ್ಲಿ ಮೇಲು.

ಕೊಟ್ಟ ಸಮ್ಮತಿಯನ್ನು ಹಿಂಪಡೆಯುವ ಹಕ್ಕು ಪೋಷಕರಿಗಿದೆ. ಪಿಡಿಎಫ್ ಅನ್ನು ಜಾಲತಾಣದಿಂದ ತೆಗೆಯಬಹುದು. ಹಂಚಿದ ಪುಸ್ತಕವನ್ನು ಮರಳಿ ತರಲಾಗದು. ಹೀಗಾಗಿ ಪುಟಗಳು ಮುದ್ರಣಾಲಯಕ್ಕೆ ಹೋಗುವ ದಿನಾಂಕವನ್ನು ಪತ್ರದಲ್ಲೇ ನಮೂದಿಸಿ, ಅದರ ಹಿಂದಿನ ದಿನದವರೆಗೆ ಮನಸ್ಸು ಬದಲಿಸಬಹುದೆಂದೂ, ಅದಕ್ಕೆ ಯಾರಿಗೆ ತಿಳಿಸಬೇಕೆಂದೂ ಬರೆಯಬೇಕು.