‘ಮ್ಯಾಚ್ ಮಾಡಿದ್ದಾರೆ ಸರ್’

ರಾಜೀನಾಮೆ ಕೊಟ್ಟವರಿಂದ ನಾಲ್ಕೈದು ದಿನ ಕಳೆಯುವಷ್ಟರಲ್ಲಿ ನನಗೆ ಬರುವ ದೂರವಾಣಿ ಕರೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಾಕ್ಯದಿಂದ ಆರಂಭವಾಗುತ್ತವೆ: ‘ಸರ್, ಇಲ್ಲೇ ಮ್ಯಾಚ್ ಮಾಡಿದ್ದಾರೆ.’ ಹೊಸ ಕಂಪನಿ ಕೊಡುತ್ತೇನೆಂದ ಮೊತ್ತವನ್ನೇ ಹಳೆಯ ಕಂಪನಿಯೂ ಕೊಡಲು ಒಪ್ಪಿದೆ, ಆದ್ದರಿಂದ ಎರಡೂ ಸಮ, ಇರುವ ಜಾಗದಲ್ಲೇ ಇದ್ದುಬಿಡುವುದು ವಾಸಿ ಎಂಬುದು ಅವರ ತರ್ಕ. ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಮತ್ತು ನಂಜನಗೂಡಿನ ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿ ಬಹಳ ವರ್ಷ ಕುಳಿತು ಇಂಥ ‘ಮ್ಯಾಚ್’ ಪತ್ರಗಳನ್ನು ನಾನೇ ಸಿದ್ಧಪಡಿಸಿದವನಾದ್ದರಿಂದ, ಆ ವಾಕ್ಯ ಕೇಳಿದಾಗಲೆಲ್ಲ ನನಗೆ ಸ್ವಲ್ಪ ಅಸಹನೆಯೂ ಸ್ವಲ್ಪ ತಪ್ಪಿತಸ್ಥ ಭಾವನೆಯೂ ಒಟ್ಟಿಗೇ ಬರುತ್ತವೆ. ಸಿಟಿಸಿ ಎಂದು ಕೊನೆಯ ಸಾಲಿನಲ್ಲಿ ಬರೆದ ವರ್ಷದ ಒಟ್ಟು ಮೊತ್ತ ಸಮವಾದ ಮಾತ್ರಕ್ಕೆ ಹಣ ಸಮವಾಗುವುದಿಲ್ಲ.

ಒಂದು ಪ್ರಕರಣವನ್ನೇ ಬಿಡಿಸಿ ಹೇಳುತ್ತೇನೆ. ವಾಹನಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಆರು ವರ್ಷ ದುಡಿದಿದ್ದ, ಮಂಡ್ಯದ ಕಡೆಯ ಹುಡುಗ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟಿದ್ದ. ಪಿಎಫ್, ಗ್ರ್ಯಾಚುಟಿಯ ಲೆಕ್ಕವನ್ನು ಬದಿಗಿಟ್ಟು ಹೇಳುವುದಾದರೆ ಅವನ ವಾರ್ಷಿಕ ಸಂಬಳ 7.2 ಲಕ್ಷ ರೂಪಾಯಿ. ಹೊಸ ಕಂಪನಿ 9.6 ಲಕ್ಷ ಎಂದಿತ್ತು. ಅದರಲ್ಲಿ 9 ಲಕ್ಷ ಪ್ರತಿ ತಿಂಗಳೂ ಕೈಗೆ ಬರುವ ಸ್ಥಿರ ಭಾಗ, ಉಳಿದ 60 ಸಾವಿರ ವರ್ಷದ ಕೊನೆಗೆ ಕೆಲಸ ನೋಡಿ ಕೊಡುವ ವೇರಿಯಬಲ್. ನಾಲ್ಕನೆಯ ದಿನ ಹಳೆಯ ಕಂಪನಿಯೂ 9.6 ಲಕ್ಷದ ಪತ್ರ ಕೊಟ್ಟಿತು. ಆ ಪತ್ರದಲ್ಲಿ ಸ್ಥಿರ ಭಾಗ 7.8 ಲಕ್ಷ, ವೇರಿಯಬಲ್ 60 ಸಾವಿರ, ಕೆಲಸ ಬಿಡದಿರಲೆಂದು ಕೊಡುವ ರಿಟೆನ್ಶನ್ ಬೋನಸ್ 1.2 ಲಕ್ಷ. ಕೂಡಿಸಿದರೆ ಸರಿಯಾಗಿ 9.6. ಹುಡುಗ ಕೂಡಿಸಿದ್ದ, ಆದರೆ ಬಿಡಿಸಿರಲಿಲ್ಲ.

ಬಿಡಿಸಿದರೆ ಕಾಣುವುದು ಇಷ್ಟು. ಹೊಸ ಕಡೆ ತಿಂಗಳಿಗೆ 75 ಸಾವಿರ, ಹಳೆಯ ಕಡೆ 65 ಸಾವಿರ. ಮೊದಲ ವರ್ಷ ಈ ಹತ್ತು ಸಾವಿರದ ಕೊರತೆಯನ್ನು ಬೋನಸ್ ಮುಚ್ಚುತ್ತದೆ. ಬೋನಸ್ ಒಂದೇ ಸಲದ್ದಾದ್ದರಿಂದ ಎರಡನೆಯ ವರ್ಷ ಮುಚ್ಚುವುದಿಲ್ಲ. ಎರಡು ವರ್ಷಕ್ಕೆ ಲೆಕ್ಕ ಹಾಕಿದರೆ ಹೊಸ ಕಡೆಯ ಸ್ಥಿರ ಭಾಗ 18 ಲಕ್ಷವಾದರೆ, ಹಳೆಯ ಕಡೆ ಬೋನಸ್ ಸೇರಿಸಿಯೂ 16.8 ಲಕ್ಷ. ಇನ್ನು ಸ್ಥಿರ ಭಾಗದಲ್ಲಿ ಹೆಚ್ಚಿಸಿದ 60 ಸಾವಿರವಾದರೂ ನಿಜವಾದ ಹೆಚ್ಚಳವೇ ಎಂದು ನೋಡಬೇಕು. ಅವನಿಗೆ ಪ್ರತಿ ಏಪ್ರಿಲ್‌ನಲ್ಲಿ ಸುಮಾರು ಶೇ 8ರ ಇನ್‌ಕ್ರಿಮೆಂಟ್ ಸಿಗುತ್ತಿತ್ತು, 7.2 ಲಕ್ಷಕ್ಕೆ ಅದು 57,600 ರೂಪಾಯಿ. ಪತ್ರದ ಎರಡನೆಯ ಪುಟದಲ್ಲಿ, ಬರುವ ಏಪ್ರಿಲ್‌ನ ವೇತನ ಪರಿಷ್ಕರಣೆಗೆ ಅವನು ಅರ್ಹನಲ್ಲ ಎಂಬ ಒಂದು ಸಾಲಿತ್ತು. ಅಂದರೆ ಏಪ್ರಿಲ್‌ನಲ್ಲಿ ಹೇಗೂ ಬರಬೇಕಿದ್ದ ಇನ್‌ಕ್ರಿಮೆಂಟನ್ನೇ ಮೂರು ತಿಂಗಳು ಮೊದಲು ಕೊಟ್ಟು, ಅದರ ಮೇಲೆ ವರ್ಷಕ್ಕೆ 2,400 ರೂಪಾಯಿ, ತಿಂಗಳಿಗೆ 200 ರೂಪಾಯಿ, ಸೇರಿಸಿದ್ದರು. ಹೀಗೆ ನಡುವರ್ಷದಲ್ಲಿ ಸಂಬಳ ಏರಿಸಿಕೊಂಡವರನ್ನು ಏಪ್ರಿಲ್‌ನ ಪಟ್ಟಿಯಿಂದ ಬಿಡುವುದು ಅನೇಕ ಕಾರ್ಖಾನೆಗಳಲ್ಲಿ ರೂಢಿ. ಪತ್ರದಲ್ಲಿ ಆ ಸಾಲು ಇಲ್ಲದಿದ್ದರೂ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಎಲ್ಲಕ್ಕಿಂತ ಹೆಚ್ಚು ಗೊಂದಲ ಇರುವುದು ಬೋನಸ್‌ನ ಬಗ್ಗೆ. 24 ತಿಂಗಳೊಳಗೆ ಬಿಟ್ಟರೆ ಅಷ್ಟನ್ನೂ ಹಿಂದಿರುಗಿಸಬೇಕು ಎಂದು ಪತ್ರ ಹೇಳುತ್ತಿತ್ತು. ನಾನು ಇದನ್ನು ಹುಡುಗನಿಗೆ ಅರ್ಧ ಗಂಟೆ ವಿವರಿಸಿದೆ. ಅವನು ತಲೆಯಾಡಿಸುತ್ತಲೇ ‘ಆದ್ರೂ ಸರ್, ಒಂದೂಕಾಲು ಲಕ್ಷದ ಹತ್ತಿರ ಒಟ್ಟಿಗೇ ಬರುತ್ತಲ್ವಾ’ ಎಂದ. ಜೊತೆಯಲ್ಲಿ ಬಂದಿದ್ದ ಅವನ ತಂದೆ ಅಲ್ಲಿಯವರೆಗೂ ಮಾತಾಡಿರಲಿಲ್ಲ. ‘ಕಬ್ಬು ಕಡಿಯೋರ್ಗೆ ಮುಂಗಡ ಕೊಡ್ತೀವಲ್ಲ ಮಗ, ಬೇರೆ ಗದ್ದೆಗೆ ಹೋಗ್ದೆ ಇರ್ಲಿ ಅಂತ, ಹಂಗೇ ಇದು’ ಎಂದರು. ಅದಾದ ಮೇಲೆ ನಾನು ವಿವರಿಸಬೇಕಾದದ್ದು ಹೆಚ್ಚೇನೂ ಉಳಿಯಲಿಲ್ಲ. ಅವಧಿ ಮುಗಿಯುವವರೆಗೆ ಅದು ಸಂಬಳವಲ್ಲ, ಮುಂಗಡ. ಅದನ್ನು ತೆಗೆದುಕೊಂಡು ಮನೆಯ ಖರ್ಚಿಗೋ ಬೈಕಿಗೋ ಬಳಸಿದವನು, ಆರನೆಯ ತಿಂಗಳಲ್ಲಿ ಮೇಲಧಿಕಾರಿಯ ಕಾಟ ತಾಳಲಾರದೆ ಹೊರಡಬೇಕೆಂದರೂ ಹೊರಡಲಾರ.

ಬೋನಸನ್ನು ಒಪ್ಪುವುದೇ ಆದರೆ ಎರಡು ವಿಷಯಗಳನ್ನು ಬರವಣಿಗೆಯಲ್ಲಿ ಕೇಳಬೇಕು. ಮೊದಲನೆಯದು, ವಸೂಲಿಯ ಮೊತ್ತ ತಿಂಗಳು ಕಳೆದಂತೆ ಇಳಿಯಬೇಕು. ಹಾಗಿದ್ದರೆ 20 ತಿಂಗಳು ದುಡಿದು ಹೊರಡುವವನು ಹಿಂದಿರುಗಿಸಬೇಕಾದದ್ದು 20 ಸಾವಿರ ಮಾತ್ರ, ಇಲ್ಲದಿದ್ದರೆ ಪೂರ್ತಿ 1.2 ಲಕ್ಷ. ಎರಡನೆಯದು, ಕೈಗೆ ಬಂದ ಮೊತ್ತವನ್ನಷ್ಟೇ ಹಿಂದಿರುಗಿಸಬೇಕೇ, ತೆರಿಗೆ ಕಡಿತಕ್ಕೆ ಮೊದಲಿನ ಮೊತ್ತವನ್ನೇ ಎಂಬುದು. ಈ ಹುಡುಗನ ಸಂಬಳದ ಮಟ್ಟಕ್ಕೆ ಇದು ದೊಡ್ಡ ಪ್ರಶ್ನೆಯಲ್ಲ. ಆದರೆ ಶೇ 30ರ ತೆರಿಗೆ ಹಂತದಲ್ಲಿರುವ ವ್ಯವಸ್ಥಾಪಕರೊಬ್ಬರಿಗೆ 3 ಲಕ್ಷದ ಬೋನಸ್‌ನಲ್ಲಿ ಸೆಸ್ ಸೇರಿ 93,600 ರೂಪಾಯಿ ಕಡಿತವಾಗಿ 2,06,400 ಕೈಗೆ ಬಂದಿತ್ತು. ಬಿಡುವಾಗ ಕಂಪನಿ ಕೇಳಿದ್ದು 3 ಲಕ್ಷವನ್ನು. ಕಟ್ಟಿದ ತೆರಿಗೆಯನ್ನು ಮುಂದಿನ ವರ್ಷದಲ್ಲಿ ಹಿಂದಕ್ಕೆ ಪಡೆಯುವುದು ಸುಲಭವಲ್ಲವಾದ್ದರಿಂದ, ಇಂಥ ಷರತ್ತಿಗೆ ಸಹಿ ಹಾಕುವ ಮುನ್ನ ತೆರಿಗೆ ಸಲಹೆಗಾರರನ್ನು ಒಮ್ಮೆ ಕಾಣುವುದು ಕ್ಷೇಮ.

ಕಂಪನಿ ಇಷ್ಟೆಲ್ಲ ಏಕೆ ಮಾಡುತ್ತದೆ ಎಂದು ಕೇಳುವವರಿಗೆ ಮೇಜಿನ ಆ ಬದಿಯ ಅನುಭವ ಹೇಳುತ್ತೇನೆ. ಪತ್ರ ಬರೆಯುವಾಗ ನಾವು ಆ ಮನುಷ್ಯನ ಯೋಗ್ಯತೆಯನ್ನು ಅಳೆಯುತ್ತಿದ್ದುದು ಕಡಿಮೆ. ಅವನ ಜಾಗಕ್ಕೆ ಬೇರೆಯವರನ್ನು ಹುಡುಕಿ, ಅವರ ನೋಟಿಸ್ ಅವಧಿ ಮುಗಿದು, ಕೆಲಸ ಕಲಿಯಲು ಎಷ್ಟು ತಿಂಗಳಾಗುತ್ತದೆ, ಅಷ್ಟರೊಳಗೆ ಯಾವ ಆಡಿಟ್ ಬರುತ್ತದೆ ಎಂಬುದನ್ನು ಲೆಕ್ಕ ಹಾಕುತ್ತಿದ್ದೆವು. ಈ ಹುಡುಗನ ನೋಟಿಸ್ ಅವಧಿ ಮುಗಿಯುವುದು ಫೆಬ್ರುವರಿಯಲ್ಲಿ, ಗ್ರಾಹಕ ಕಂಪನಿಯ ಆಡಿಟ್ ಇದ್ದದ್ದು ಮಾರ್ಚ್‌ನಲ್ಲಿ. ಇದರಲ್ಲಿ ಮೋಸವಿದೆ ಎಂದು ನಾನು ಹೇಳುವುದಿಲ್ಲ, ಕಾರ್ಖಾನೆ ನಡೆಯಬೇಕಲ್ಲವೇ. ಆದರೆ ಆಡಿಟ್ ಮುಗಿದ ಮೇಲೆ ಆ ಅವಸರ ಉಳಿಯುವುದಿಲ್ಲ.

ಹಾಗೆಂದು ಎಲ್ಲ ಮರುಪ್ರಸ್ತಾಪವನ್ನೂ ತಿರಸ್ಕರಿಸಬೇಕೆಂದಲ್ಲ. ಹೂಟಗಳ್ಳಿಯ ಕಡೆ ಲೆಕ್ಕಪತ್ರ ವಿಭಾಗದಲ್ಲಿರುವ ಹೆಣ್ಣುಮಗಳೊಬ್ಬರಿಗೆ ಕೆಲಸವೂ ಮೇಲಧಿಕಾರಿಯೂ ಒಪ್ಪಿಗೆಯಾಗಿದ್ದು ಸಂಬಳ ಮಾತ್ರ ಹಿಂದೆ ಬಿದ್ದಿತ್ತು. ಕಂಪನಿ ಹೆಚ್ಚಳವನ್ನು ಪೂರ್ತಿಯಾಗಿ ಸ್ಥಿರ ಭಾಗದಲ್ಲೇ ಕೊಟ್ಟು, ಯಾವ ವಸೂಲಿ ಷರತ್ತೂ ಇಲ್ಲದೆ, ಜಾರಿಯ ದಿನಾಂಕ ನಮೂದಿಸಿ, ಸಹಿ ಹಾಕಿದ ಪತ್ರ ನೀಡಿತು. ಅವರು ಪತ್ರ ಕೈಗೆ ಬಂದ ಮೇಲೆಯೇ ರಾಜೀನಾಮೆ ಹಿಂತೆಗೆದುಕೊಂಡು, ಹಿಂತೆಗೆತವನ್ನು ಒಪ್ಪಿದ್ದೇವೆ ಎಂಬ ಉತ್ತರವನ್ನೂ ಪಡೆದರು. ಅವರು ಅಲ್ಲೇ ಉಳಿದದ್ದು ಸರಿಯಾಯಿತು. ಬಿಡಲು ಕಾರಣ ಸಂಬಳವಲ್ಲದೆ ಪಾಳಿಯೋ, ಕಲಿಯಲು ಏನೂ ಉಳಿಯದ ಕೆಲಸವೋ, ಮೇಲಧಿಕಾರಿಯ ನಡವಳಿಕೆಯೋ ಆಗಿದ್ದು ಪತ್ರದಲ್ಲಿ ಬರೀ ಹಣ ಇದ್ದರೆ ನಾನು ಬೇಡವೆನ್ನುತ್ತೇನೆ. ‘ಏಪ್ರಿಲ್‌ನಲ್ಲಿ ನೋಡ್ಕೊಳ್ಳೋಣ, ನನ್ನ ಮೇಲೆ ನಂಬಿಕೆ ಇಡಿ’ ಎಂಬ ಬಾಯಿಮಾತಾದರಂತೂ ಮೇಲಧಿಕಾರಿ ಎಷ್ಟೇ ಒಳ್ಳೆಯವರಾದರೂ ಬೇಡ. ಏಪ್ರಿಲ್ ಹೊತ್ತಿಗೆ ಅವರೇ ಆ ಕುರ್ಚಿಯಲ್ಲಿ ಇರದಿರಬಹುದು.

ನಿರಾಕರಣೆಯ ಪತ್ರ ಚಿಕ್ಕದಾಗಿರಬೇಕು. ಪ್ರಸ್ತಾಪಕ್ಕೆ ಧನ್ಯವಾದ, ರಾಜೀನಾಮೆಯಲ್ಲಿ ಬದಲಾವಣೆ ಇಲ್ಲ, ಕೊನೆಯ ಕೆಲಸದ ದಿನ ಇಂಥದ್ದು, ಹಸ್ತಾಂತರದ ಪಟ್ಟಿ ಲಗತ್ತಿಸಿದೆ ಎಂಬ ನಾಲ್ಕು ವಾಕ್ಯ ಸಾಕು. ಕಾರಣ ಬರೆದರೆ ಪ್ರತಿ ಕಾರಣಕ್ಕೂ ಒಂದು ಹೊಸ ಪರಿಹಾರ ಬರುತ್ತದೆ, ಹೊಸ ಕಂಪನಿಯ ಪತ್ರ ತೋರಿಸಿದರೆ ಚೌಕಾಶಿ ಮತ್ತೆ ಆರಂಭವಾಗುತ್ತದೆ. ಉಳಿಯುವ ತೀರ್ಮಾನವಾದರೆ ಹೊಸ ಕಂಪನಿಗೆ ಅದೇ ದಿನ ತಿಳಿಸಬೇಕು; ಸೇರುವ ದಿನ ಬೆಳಿಗ್ಗೆ ಫೋನ್ ಆರಿಸಿಡುವವರನ್ನು ಕಂಡಿದ್ದೇನೆ, ಮೈಸೂರಿನ ಕೈಗಾರಿಕಾ ವಲಯದ ಸಿಬ್ಬಂದಿ ಅಧಿಕಾರಿಗಳು ಒಬ್ಬರನ್ನೊಬ್ಬರು ಬಲ್ಲವರು ಎಂಬುದು ಅವರಿಗೆ ತಿಳಿದಂತಿಲ್ಲ.

ಹುಡುಗ ಆ ನಾಲ್ಕು ವಾಕ್ಯಗಳನ್ನು ನನ್ನೆದುರೇ ಬರೆದು ಕಳಿಸಿದ. ಎರಡು ದಿನದ ನಂತರ ಕಂಪನಿ ಬೋನಸನ್ನು 1.8 ಲಕ್ಷಕ್ಕೆ ಏರಿಸಿತು. ಸ್ಥಿರ ಭಾಗ 7.8 ಲಕ್ಷದಲ್ಲೇ ನಿಂತಿತ್ತು. ಈ ಸಲ ಅವನು ನನಗೆ ಕರೆ ಮಾಡಿದ್ದು ನಿರಾಕರಿಸಿದ ಮೇಲೆ.